ಅಜ್ಜಿಯ ಶುಗರ್ ಏರಿಳಿದದ್ದು ಮೈಯಲ್ಲಿ ಅಲ್ಲ, ಸ್ಟ್ರಿಪ್ ಡಬ್ಬಿಯಲ್ಲಿ

ಕಳೆದ ಆಟಿ ತಿಂಗಳಲ್ಲಿ ಮಲ್ಪೆ ಕಡೆಯ ಒಂದು ಮನೆಗೆ ಹೋಗಿದ್ದೆ. ಅಜ್ಜಿಗೆ 76 ವರ್ಷ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ, ಸೊಸೆ ಕೆಲಸಕ್ಕೆ ಹೋಗುತ್ತಾಳೆ. ಮನೆಯ ಮಿಷನ್ನಿನಲ್ಲಿ ನೋಡಿದ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಒಂದು ದಿನ 98, ಮರುದಿನ 240, ಅದರ ಮರುದಿನ 61, ಮತ್ತೆ 187. ತಿನ್ನುವುದು ಅದೇ ಗಂಜಿ, ನುಂಗುವುದು ಅದೇ ಮಾತ್ರೆ. ಡಾಕ್ಟರ್ ಸಂಜೆಯ ಮಾತ್ರೆ ಜಾಸ್ತಿ ಮಾಡುವ ಯೋಚನೆಯಲ್ಲಿದ್ದರು. ನನಗೆ ಮಾತ್ರ 61ರ ಮೇಲೆ ಸಂಶಯ. ಬೆವರಿಲ್ಲ, ನಡುಕವಿಲ್ಲ, ಅಜ್ಜಿ ಆರಾಮಾಗಿ ಅಂಗಳ ಗುಡಿಸುತ್ತಿದ್ದರಂತೆ. ನಿಜವಾಗಿ 61 ಆಗಿದ್ದು ಮಾತ್ರೆಯನ್ನೂ ಏರಿಸಿದರೆ ಅಜ್ಜಿ ಬೀಳುತ್ತಾರೆ. 61 ಸುಳ್ಳಾದರೆ 240 ಕೂಡ ಸುಳ್ಳಾಗಿರಬಹುದು, ಅಲ್ವಾ? "ಹದಿನೈದು ದಿನ ಕೊಡಿ, ಸರಿಯಾಗಿ ನೋಡಲು ಅಜ್ಜಿಗೆ ಕಲಿಸುತ್ತೇನೆ" ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡೆ. ಅವರು ಒಪ್ಪಿದರು.

ಮಗ ಹೊರದೇಶದಲ್ಲಿ. "ಅಮ್ಮನ ಕೈಯಲ್ಲಿ ಇದೆಲ್ಲ ಆಗುವುದಿಲ್ಲ ಸಿಸ್ಟರ್, ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಿ" ಅಂದರು. ಎರಡು ವಾರಕ್ಕೆ ನಾಲ್ಕೈದು ಸಾವಿರ, ಮತ್ತೆ ಅದನ್ನು ಮೊಬೈಲಿನಲ್ಲಿ ನೋಡುವವರು ಯಾರು? ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಸಿಸ್ಟರ್‌ಗಳೂ ಸುಮ್ನೆ ಸಮಯ ಹಾಳು ಅಂತಲೇ ಹೇಳಿದರು. ನನಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷದ ಅನುಭವ. ಅಜ್ಜಿಯ ಬೆರಳು ನೋಡಿದ ಕೂಡಲೇ ಇವರಿಂದ ಆಗುತ್ತದೆ ಅಂತ ನನಗೆ ಗೊತ್ತಾಗಿತ್ತು. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು ಅದು. ಎಲೆ ಕತ್ತರಿಸಿ, ಸುತ್ತಿ, ನೂಲು ಕಟ್ಟಿದ ಕೈಗೆ ರಕ್ತದ ಹನಿ ಮುಟ್ಟಿಸುವ ಒಂದು ಸ್ಟ್ರಿಪ್ ಹಿಡಿಯಲು ಬರುವುದಿಲ್ಲವಾ?

ಮೊದಲ ದಿನ ನಾನು ಏನೂ ಕಲಿಸಲಿಲ್ಲ. "ನೀವು ದಿನಾ ಹೇಗೆ ನೋಡ್ತೀರಿ, ಹಾಗೆಯೇ ಮಾಡಿ ತೋರಿಸಿ ಅಜ್ಜಿ" ಅಂದೆ. ಅಜ್ಜಿ ಫ್ರಿಜ್ಜಿನ ಬಾಗಿಲಿನಿಂದ ಸ್ಟ್ರಿಪ್ ಡಬ್ಬಿ ತೆಗೆದರು. ಮದ್ದು ತಂಪಲ್ಲಿರಬೇಕು ಅಂತ ಯಾರೋ ಹೇಳಿದ್ದರಂತೆ. ತಂಪು ಡಬ್ಬಿಯ ಮುಚ್ಚಳವನ್ನು ಆಟಿಯ ಮಳೆಗಾಳಿಯಲ್ಲಿ ತೆರೆದರೆ ಒಳಗೆ ತೇವ ಕೂರುತ್ತದೆ. ತಂಪು ಸೋಡಾ ಬಾಟಲಿ ಹೊರಗಿಟ್ಟರೆ ಬೆವರುವುದಿಲ್ಲವಾ, ಹಾಗೆಯೇ. ಸ್ಟ್ರಿಪ್ಪಿನ ತುದಿಯಲ್ಲಿರುವ ಕಿಣ್ವಕ್ಕೆ ಆ ತೇವವೇ ವಿಷ. ಆಮೇಲೆ ನಲ್ಲಿಯಲ್ಲಿ ಬೆರಳು ತೊಳೆದು, ಒರೆಸದೆ, ಬೆರಳ ತುದಿಯ ನಟ್ಟನಡುವೆ ಕುತ್ತಿದರು. ರಕ್ತ ಬರಲಿಲ್ಲ. ಹಿಂಡಿದರು, ಮತ್ತೆ ಹಿಂಡಿದರು. ಒದ್ದೆ ಬೆರಳಿನ ಮೇಲೆ ರಕ್ತ ನೀರಾಗಿ ಹರಡಿತು. ಅವತ್ತು ಬಂದದ್ದು 70ರ ಆಸುಪಾಸು. ಕೂಡಲೇ ಕೈ ಒರೆಸಿ, ನನ್ನ ಚೀಲದ ಸ್ಟ್ರಿಪ್ಪಿನಲ್ಲಿ ನೋಡಿದೆ. 136.

61ರ ಲೆಕ್ಕ ಸಿಕ್ಕಿತು. 240 ಬಂದ ದಿನ ಬೆಳಿಗ್ಗೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. "ಗಟ್ಟಿ ಮಾಡಲಿಕ್ಕೆ ಹಲಸಿನ ಹಣ್ಣು ಬಿಡಿಸ್ತಾ ಇದ್ದೆ ಸಿಸ್ಟರ್. ಕೈ ಸೆರಗಿಗೆ ಒರೆಸಿದ್ದೆನಲ್ಲ?"

ಆ ರಾತ್ರಿ ಮನೆಯಲ್ಲಿ ನನ್ನ ಕೈ ಮೇಲೆಯೇ ಪ್ರಯೋಗ ಮಾಡಿದೆ. ತೊಳೆದ ಕೈಯಲ್ಲಿ 104. ಎರಡು ತೊಳೆ ಹಲಸು ಬಿಡಿಸಿ, ತಿನ್ನದೆ, ಬಟ್ಟೆಗೆ ಒರೆಸಿ ನೋಡಿದರೆ 260 ದಾಟಿತು. ಸ್ಪಿರಿಟ್ ಹತ್ತಿಯಲ್ಲಿ ಒಮ್ಮೆ ಒರೆಸಿದರೂ 170ರ ಹತ್ತಿರ. ಸೋಪು ಹಾಕಿ ತೊಳೆದು ಒಣಗಿಸಿದ ಮೇಲೆ ಮತ್ತೆ 107. ನಾಲ್ಕು ಸ್ಟ್ರಿಪ್, ಅಂದಾಜು ಎಂಬತ್ತು ರೂಪಾಯಿ. ಆ ದುಡ್ಡು ದಂಡ ಆಗಲಿಲ್ಲ. ಅಂದಿನಿಂದ ನಾನು ಹೋಗುವ ಮನೆಗಳಲ್ಲಿ ಸ್ಪಿರಿಟ್ ಬಂದ್. ಸೋಪು, ಉಗುರುಬೆಚ್ಚಗಿನ ನೀರು, ಒಣ ಬೈರಾಸು, ಅಷ್ಟೇ. ಆ ಬೈರಾಸು ಶುಗರ್ ನೋಡಲಿಕ್ಕೆ ಮಾತ್ರ. ಸೆರಗು ಬೇಡ.

ಕುತ್ತುವ ಜಾಗ ನಿಮಗೆಲ್ಲ ಗೊತ್ತು, ಬೆರಳ ತುದಿಯ ಬದಿ. ಆದರೆ ಬೀಡಿ ಕಟ್ಟಿದವರ ಹೆಬ್ಬೆರಳು, ತೋರುಬೆರಳಿಗೆ ಹೋಗಬೇಡಿ. ಅಲ್ಲಿ ಚರ್ಮ ಚಪ್ಪಲಿಯ ಹಾಗೆ. ಉಂಗುರದ ಬೆರಳು, ನಡುಬೆರಳಿನ ಬದಿ ಮೆತ್ತಗೆ ಉಳಿದಿರುತ್ತದೆ. ಎರಡು ಕೈ ಸೇರಿ ನಾಲ್ಕು ಬೆರಳು, ಎಂಟು ಬದಿ. ಸರದಿಯಲ್ಲಿ ಕುತ್ತಿದರೆ ಒಂದೇ ಜಾಗ ಮತ್ತೆ ಬರಲು ತುಂಬಾ ದಿನ ಬೇಕು. ಕೈಯನ್ನು ಒಂದು ನಿಮಿಷ ಕೆಳಗೆ ಇಳಿಬಿಡಬೇಕು. ಅಂಗೈ ಕಡೆಯಿಂದ ಬೆರಳಿನತ್ತ ನಿಧಾನಕ್ಕೆ ನೀವಬೇಕು. ತುದಿಯನ್ನು ಗಟ್ಟಿಯಾಗಿ ಹಿಂಡಿದರೆ ರಕ್ತದ ಜೊತೆ ಮಾಂಸದ ನೀರೂ ಬರುತ್ತದೆ, ಅಳತೆ ತಪ್ಪುತ್ತದೆ. ಮಳೆಗಾಲದಲ್ಲಿ ತಣ್ಣಗಾದ ಬೆರಳಿನಿಂದ ಒಂದೇ ಸಲಕ್ಕೆ ಹನಿ ತೆಗೆಯಲು ನನ್ನದೊಂದು ಉಪಾಯ ಉಂಟು. ಅದನ್ನು ಕೈ ಹಿಡಿದು ತೋರಿಸಬೇಕು, ಇಲ್ಲಿ ಬರೆಯುವುದಿಲ್ಲ.

ಬೆರಳಿಗೆ ಕುತ್ತುವ ಪೆನ್ನಿನಲ್ಲಿ ನಾನು ಸೋತೆ. ಸೂಜಿಯ ಆಳ ಹೊಂದಿಸುವ ಗುಂಡಿಯನ್ನು 2ರಿಂದ ಶುರು ಮಾಡಿ 4ಕ್ಕೆ ಬಂದೆ, ಅದು ಸರಿ ಆಯಿತು. ಆದರೆ ಸ್ಪ್ರಿಂಗ್ ಎಳೆಯಲು ಅಜ್ಜಿಯ ಗಂಟುಬೆರಳಿಗೆ ಬಲವಿಲ್ಲ. ಸೂಜಿ ಬದಲಿಸುವುದೂ ಕಷ್ಟ. ಅದಕ್ಕೇ ಒಂದೇ ಸೂಜಿಯನ್ನು ಹದಿನೈದು ದಿನ ಕುತ್ತುತ್ತಿದ್ದರು. ಮೊಂಡಾದ ಸೂಜಿ ಜಾಸ್ತಿ ನೋವು, ಕಡಿಮೆ ರಕ್ತ. ಹತ್ತು ದಿನ ಹಟ ಹಿಡಿದು, ಕೊನೆಗೆ ಪೆನ್ನು ಬಿಟ್ಟೆ. ಒತ್ತಿದರೆ ತಾನೇ ಕುತ್ತಿ ಸೂಜಿ ಒಳಗೆ ಹೋಗುವ ಲ್ಯಾನ್ಸೆಟ್ ತರಿಸಿದೆ. ಸಾದಾ ಸೂಜಿಗೆ ಎರಡು ರೂಪಾಯಿ ಇದ್ದರೆ ಇದಕ್ಕೆ ಆರೇಳು. ವಾರಕ್ಕೆ ನಾಲ್ಕು ಸಲ ನೋಡುವವರಿಗೆ ಅದೇನು ಭಾರವಲ್ಲ. ಬಳಸಿದ್ದನ್ನು ಹಾಕಲು ದಪ್ಪ ಪ್ಲಾಸ್ಟಿಕ್ಕಿನ ಖಾಲಿ ಬಾಟಲಿ ಇಟ್ಟಿದ್ದೇವೆ. ತುಂಬಿದರೆ ನಾನೇ ಒಯ್ಯುತ್ತೇನೆ.

ಇನ್ನು ಡಬ್ಬಿ. ಇಲ್ಲಿ ನನ್ನದೇ ದೊಡ್ಡ ತಪ್ಪು. ಅಜ್ಜಿಗೆ ಮುಚ್ಚಳ ತೆಗೆಯಲು ಕಷ್ಟ ಅಂತ, ವಾರದ ಮಾತ್ರೆ ಹಾಕುವ ಏಳು ಖಾನೆಯ ಪೆಟ್ಟಿಗೆಯಲ್ಲಿ ಸ್ಟ್ರಿಪ್ ಹಂಚಿಟ್ಟೆ. ಚಂದ ಕಾಣುತ್ತಿತ್ತು. ಮೂರನೇ ದಿನ ಮಿಷನ್ ಎರರ್ ತೋರಿಸಿತು. ನಾಲ್ಕನೇ ದಿನದ ಸ್ಟ್ರಿಪ್, ಹೊಸ ಡಬ್ಬಿಯ ಸ್ಟ್ರಿಪ್ಪಿಗಿಂತ ಮೂವತ್ತು ಜಾಸ್ತಿ. ಐದನೆಯದು ಇಪ್ಪತ್ತು ಕಡಿಮೆ. ಕೆಟ್ಟ ಸ್ಟ್ರಿಪ್ ಒಂದೇ ದಿಕ್ಕಿಗೆ ತಪ್ಪುವುದಿಲ್ಲ, ಅದಕ್ಕೇ ಕಂಡುಹಿಡಿಯುವುದು ಕಷ್ಟ. ಅವುಗಳ ಸ್ವಂತ ಡಬ್ಬಿಯಲ್ಲಿ ತೇವ ಹೀರುವ ಮದ್ದು ಇರುತ್ತದೆ. ಅದನ್ನು ಬಿಟ್ಟು ಬೇರೆಲ್ಲೂ ಇಡಬಾರದು. ಫ್ರಿಜ್ಜಿನಲ್ಲಿದ್ದ ಹಳೇ ಡಬ್ಬಿಯನ್ನೂ ಸೇರಿಸಿ ಆ ತಿಂಗಳು ಮೂವತ್ತರ ಹತ್ತಿರ ಸ್ಟ್ರಿಪ್ ಹಾಳಾಯಿತು. ಹೆಚ್ಚುಕಮ್ಮಿ ಆರುನೂರು ರೂಪಾಯಿ.

ಮುಚ್ಚಳಕ್ಕೆ ಪರಿಹಾರ ಅಜ್ಜಿಯೇ ಕಂಡುಕೊಂಡರು. ಚಮಚದ ಹಿಡಿ ಕೊಟ್ಟು ಮೇಲಕ್ಕೆತ್ತಿದರು, ಟಪ್ ಅಂತ ತೆರೆಯಿತು. ಮುಚ್ಚುವಾಗ ಮೇಜಿನ ಮೇಲೆ ಇಟ್ಟು ಅಂಗೈಯಿಂದ ಒತ್ತುವುದು. ಆ ಸದ್ದು ಕೇಳಿದ ಮೇಲೆಯೇ ಬೆರಳಿಗೆ ಕುತ್ತಬೇಕು ಅಂತ ಕ್ರಮ ಹಾಕಿದೆ. ಮೊದಲು ಕುತ್ತಿ ಆಮೇಲೆ ಮುಚ್ಚಲು ಹೋದರೆ ಡಬ್ಬಿ ತೆರೆದೇ ಉಳಿಯುತ್ತದೆ. ಈಗ ಡಬ್ಬಿ ಮಲಗುವ ಕೋಣೆಯ ಕಪಾಟಿನಲ್ಲಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದೊಳಗೆ ಇರುತ್ತದೆ. ಒಲೆ ಹತ್ತಿರ ಇಲ್ಲ, ಬಚ್ಚಲ ಹತ್ತಿರ ಇಲ್ಲ, ಫ್ರಿಜ್ಜಂತೂ ಇಲ್ಲವೇ ಇಲ್ಲ.

ತೆರೆದ ದಿನವನ್ನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆಯುತ್ತೇನೆ. ಅಜ್ಜಿಯ ಸ್ಟ್ರಿಪ್ಪಿಗೆ ತೆರೆದ ಮೇಲೆ ಮೂರು ತಿಂಗಳ ಆಯುಷ್ಯ. ಬೇರೆ ಕಂಪನಿಯದಕ್ಕೆ ಬೇರೆ ಇರಬಹುದು, ಡಬ್ಬಿ ಓದಿ. ವಾರಕ್ಕೆ ನಾಲ್ಕು ಅಂದರೆ 50ರ ಡಬ್ಬಿ ಮುಗಿಯಲು ಹನ್ನೆರಡು ವಾರದ ಮೇಲೆ ಬೇಕು, ಅಂಚಿಗೇ ಬಂತು. 25ರದ್ದು ಆರು ವಾರದಲ್ಲಿ ಖಾಲಿ. 50ಕ್ಕೆ ಸುಮಾರು ಒಂಬೈನೂರು, 25ಕ್ಕೆ ಐನೂರೈವತ್ತು. ಬಿಡಿ ಲೆಕ್ಕದಲ್ಲಿ ದುಬಾರಿಯೇ. ಆದರೂ ಮಳೆಗಾಲದಲ್ಲಿ ನಾನು 25ರದ್ದೇ ತರಿಸುತ್ತೇನೆ.

ಮಿಷನ್ ಸರಿ ಉಂಟಾ ಅಂತ ತಿಳಿಯಲು ಅಜ್ಜಿಯನ್ನು ಒಮ್ಮೆ ಲ್ಯಾಬಿಗೆ ಕರೆದುಕೊಂಡು ಹೋದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಹತ್ತು ನಿಮಿಷದೊಳಗೆ ಬೆರಳಿನಿಂದಲೂ ನೋಡಿದೆವು. ಲ್ಯಾಬಿನಲ್ಲಿ 142, ಮಿಷನ್ನಿನಲ್ಲಿ 151. ನೂರರ ಮೇಲೆ ಶೇಕಡಾ 15ರ ಒಳಗಿದ್ದರೆ ಮಿಷನ್ನಿಗೆ ದೋಷವಿಲ್ಲ. ಊಟ ಆದ ಮೇಲೆ ಹೀಗೆ ಹೋಲಿಸಬೇಡಿ. ಆಗ ಬೆರಳಿನ ರಕ್ತದಲ್ಲಿ ಸಕ್ಕರೆ ಸಹಜವಾಗಿಯೇ ಜಾಸ್ತಿ ಇರುತ್ತದೆ.

ದಾಖಲೆಗೆ ಮೊದಲು ಎಂಟು ಕಾಲಮ್ಮಿನ ಪುಸ್ತಕ ಕೊಟ್ಟಿದ್ದೆ. ಮೂರು ದಿನ ಬರೆದರು, ಆಮೇಲೆ ಪುಸ್ತಕವೇ ಕಾಣೆ. ಮಿಷನ್ನಿನ ಮೆಮೊರಿ ನಂಬೋಣ ಅಂದರೆ ಬ್ಯಾಟರಿ ಬದಲಿಸಿದ ಮೇಲೆ ತಾರೀಕೇ ತಪ್ಪಾಗಿತ್ತು. ಕೊನೆಗೆ ಗೋಡೆಯ ಕ್ಯಾಲೆಂಡರ್. ಅಜ್ಜಿ ಏಕಾದಶಿ, ಸಂಕಷ್ಟಿ ನೋಡಲು ದಿನಾ ಅದರ ಮುಂದೆ ನಿಲ್ಲುತ್ತಾರೆ. ಪೆನ್ನನ್ನು ನೂಲಿನಲ್ಲಿ ಕಟ್ಟಿ ಅಲ್ಲೇ ತೂಗುಹಾಕಿದೆ. ಸೋಮವಾರ ಬೆಳಗಿನ ತಿಂಡಿಗೆ, ಗುರುವಾರ ಮಧ್ಯಾಹ್ನದ ಊಟಕ್ಕೆ ಜೋಡಿ ಪರೀಕ್ಷೆ. ತಿನ್ನುವ ಮುಂಚಿನದ್ದು ಮೇಲೆ, ಒಂದು ಗೆರೆ, ಎರಡು ಗಂಟೆ ನಂತರದ್ದು ಕೆಳಗೆ. ಎರಡು ಗಂಟೆ ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿಂದ ಅಲ್ಲ. ಪಕ್ಕದಲ್ಲಿ ಒಂದೇ ಅಕ್ಷರ: ಗಂಜಿಗೆ "ಗಂ", ನೀರುದೋಸೆಗೆ "ನೀ". ತಲೆ ತಿರುಗಿದ ದಿನ ಒಂದು ಸುತ್ತು. ಬಿಟ್ಟುಹೋದರೆ ಅಡ್ಡ ಗೆರೆ, ಅಂದಾಜಿಗೆ ತುಂಬಿಸಬಾರದು.

ಡಾಕ್ಟರ್ ಹೇಳಿದ ಎರಡು ಸಂಖ್ಯೆಯನ್ನು ಕ್ಯಾಲೆಂಡರಿನ ತಲೆಯಲ್ಲಿ ಕೆಂಪಲ್ಲಿ ಬರೆದೆ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಫೋನ್ ಮಾಡುವುದು. ಕೈ ಒದ್ದೆ ಇತ್ತೋ ಏನೋ ಅಂತ ಸಂಶಯ ಬಂದರೂ ಮೊದಲು ಸಕ್ಕರೆ ಕುಡಿಯಬೇಕು. 300 ದಾಟಿದರೆ ಕೈ ಮತ್ತೆ ತೊಳೆದು ಒರೆಸಿ ಇನ್ನೊಮ್ಮೆ ನೋಡುವುದು. ಆಗಲೂ ಹಾಗೇ ಇದ್ದರೆ ಫೋನ್.

ಹದಿನೈದು ದಿನ ಕೇಳಿದ್ದೆ, ಒಂದೂವರೆ ತಿಂಗಳು ಹಿಡಿಯಿತು. ಆಮೇಲೆ ಕ್ಯಾಲೆಂಡರನ್ನೇ ಮಡಚಿ ಡಾಕ್ಟರ್ ಹತ್ತಿರ ಒಯ್ದೆವು. ಖಾಲಿ ಹೊಟ್ಟೆಯದ್ದು ಎಲ್ಲ ಹೆಚ್ಚುಕಮ್ಮಿ 125ರಿಂದ 150ರ ಒಳಗೆ. "ಗಂ" ಇರುವ ದಿನ ಕೆಳಗಿನ ಸಂಖ್ಯೆ 200ರ ಸುತ್ತ, "ನೀ" ಇರುವ ದಿನ 250ರ ಮೇಲೆ. ಸಂಜೆಯ ಮಾತ್ರೆ ಇದ್ದಷ್ಟೇ ಉಳಿಯಿತು. ನೀರುದೋಸೆ ಐದರಿಂದ ಎರಡಕ್ಕೆ ಇಳಿಯಿತು, ಜೊತೆಗೆ ಬೆಲ್ಲ-ಕಾಯಿ ಬದಲು ಮೀನು ಸಾರು. ಬೇಡ ಅಂದಿದ್ದ ಇಬ್ಬರು ಸಿಸ್ಟರ್‌ಗಳಲ್ಲಿ ಒಬ್ಬರು ಈಗ ಕಲ್ಯಾಣಪುರದ ಎರಡು ಮನೆಗಳಲ್ಲಿ ಇದೇ ಕ್ಯಾಲೆಂಡರ್ ತೂಗುಹಾಕಿದ್ದಾರೆ.

ಮೊನ್ನೆ ಹೋದಾಗ ಅಜ್ಜಿ ಹೊಸ ಡಬ್ಬಿ ತೆರೆದಿದ್ದರು. ತಾರೀಕು ಅವರೇ ಬರೆದಿದ್ದರು. "ಹಳೆಯದರಲ್ಲಿ ಎಷ್ಟು ಹಾಳಾಯ್ತು ಅಜ್ಜಿ?" ಅಂತ ಕೇಳಿದೆ. "ಒಂದೇ ಸಿಸ್ಟರ್. ಅದೂ ಪುಳ್ಳಿ ಮಗು ಎಳೆದದ್ದು" ಅಂದರು.