ಟಿ.ವಿ. ಮುಂದೆ ಕುಳಿತು ಬಾಕ್ಸಿಂಗ್ ಅಂಕ ಬರೆದ ನನ್ನ ಅನುಭವ

ವೃತ್ತಿಪರ ಬಾಕ್ಸಿಂಗ್ ಪಂದ್ಯಗಳಿಗೆ ಮನೆಯಲ್ಲೇ ಸುತ್ತುವಾರು ಅಂಕ ಹಾಕುತ್ತೇನೆಂದಾಗ ಗೆಳೆಯರು ನಕ್ಕಿದ್ದರು. ಈಗ ನನ್ನ ಚೀಟಿ ಮೂವರು ತೀರ್ಪುಗಾರರಲ್ಲಿ ಒಬ್ಬರದಕ್ಕಾದರೂ ಒಂದೆರಡು ಅಂಕದ ಅಂತರದಲ್ಲಿರುವುದು ವಾಡಿಕೆಯಾಗಿದೆ. ಗೆದ್ದವನಿಗೆ 10, ಸೋತವನಿಗೆ 9, ಸೋತವನು ಒಮ್ಮೆ ನೆಲಕ್ಕುರುಳಿದ್ದರೆ ಸಾಮಾನ್ಯವಾಗಿ 8 ಎಂಬುದು ನಿಮಗೆ ಗೊತ್ತಿರುವುದೇ.

ಮೊದಮೊದಲು ಗುದ್ದುಗಳನ್ನು ಎಣಿಸಲು ಹೊರಟೆ. ಹಳೆಯ ಪಂದ್ಯಗಳನ್ನು ಮತ್ತೆ ನೋಡಲು ಚಂದಾ ಕಟ್ಟಿ ಕೆಲವು ಸಾವಿರ ರೂಪಾಯಿ ಕಳೆದದ್ದಷ್ಟೇ ಲಾಭ. ಎದುರಾಳಿಯ ಕೈಗವಸಿಗೋ ತೋಳಿಗೋ ಬಡಿದ ಏಟು ದೊಡ್ಡ ಸದ್ದು ಮಾಡುತ್ತದೆ, ಆದರೆ ಅದಕ್ಕೆ ಬೆಲೆಯಿಲ್ಲ. ಮುಖಕ್ಕೋ ಪಕ್ಕೆಗೋ ನೇರವಾಗಿ ತಗುಲಿದ್ದಕ್ಕೆ ಮಾತ್ರ ಬೆಲೆ. ಒಂದೇ ಪಂದ್ಯವನ್ನು ವಿವರಣೆ ಕೇಳುತ್ತಲೂ ಧ್ವನಿ ಮುಚ್ಚಿಯೂ ನೋಡಿದಾಗ, ತೀರಾ ಸಮಬಲದ ಸುತ್ತುಗಳಲ್ಲಿ ನನ್ನ ತೀರ್ಪೇ ಬದಲಾಯಿತು. ಅಂದಿನಿಂದ ಧ್ವನಿ ಮುಚ್ಚಿಯೇ ನೋಡುತ್ತೇನೆ.

ಮೂರು ನಿಮಿಷದ ಸುತ್ತಿನಲ್ಲಿ ಪ್ರತಿ ನಿಮಿಷಕ್ಕೊಂದು ಗೆರೆ, ಮೇಲುಗೈ ಪಡೆದವನ ಹೆಸರಿನ ಕೆಳಗೆ. ಕೊನೆಯ ಅರ್ಧ ನಿಮಿಷದ ಅಬ್ಬರ ಹಿಂದಿನದನ್ನೆಲ್ಲ ಮರೆಸಿಬಿಡುವುದನ್ನು ಈ ಗೆರೆಗಳೇ ತಡೆಯುತ್ತವೆ. ಗಂಟೆ ಹೊಡೆದೊಡನೆ ಅಂಕ ಬರೆದು ಚೀಟಿ ಮಗುಚಿಡಬೇಕು. ಒಟ್ಟು ಮೊತ್ತ ಕಣ್ಣಿಗೆ ಬಿದ್ದರೆ ಮುಂದಿನ ಸುತ್ತಿನಲ್ಲಿ ಕೈ ತಾನಾಗಿಯೇ ಹಿಂದುಳಿದವನ ಕಡೆಗೆ ವಾಲುತ್ತದೆ. ಗೆರೆಗಳು ಗೊಂದಲವಾದಾಗ ನಾನು ನೋಡುವ ಇನ್ನೊಂದು ಗುರುತಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ಕ್ರಮಕ್ಕೆ ನಿಜವಾದ ಪರೀಕ್ಷೆ 2018ರ ಡಿಸೆಂಬರ್ 1ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ ವೈಲ್ಡರ್–ಫ್ಯೂರಿ ಪಂದ್ಯ. ಹನ್ನೆರಡು ಸುತ್ತುಗಳಲ್ಲಿ ಫ್ಯೂರಿ ಎರಡು ಬಾರಿ, 9ನೆಯ ಮತ್ತು 12ನೆಯ ಸುತ್ತುಗಳಲ್ಲಿ, ನೆಲಕ್ಕೆ ಬಿದ್ದ. ಎರಡು ಸಲ ಬಿದ್ದವನು ಗೆಲ್ಲುವುದುಂಟೇ ಎಂದು ಗೆಳೆಯರೆಲ್ಲ ವೈಲ್ಡರ್ ಮೇಲೆ ಐನೂರರಂತೆ ಪಂಥ ಕಟ್ಟಿದರು. ನನ್ನ ಚೀಟಿಯಲ್ಲಿ ಉಳಿದ ಹತ್ತು ಸುತ್ತುಗಳ ಪೈಕಿ ಎಂಟು ಫ್ಯೂರಿಯವು. ಲೆಕ್ಕ ಸರಳ: ಬಿದ್ದ ಎರಡು ಸುತ್ತುಗಳಲ್ಲಿ ಅವನು ಕಳೆದುಕೊಂಡದ್ದು ನಾಲ್ಕು, ಸೋತ ಇನ್ನೆರಡರಲ್ಲಿ ಎರಡು, ಹೀಗಾಗಿ 120ರಲ್ಲಿ 114 ಉಳಿಯಿತು, ಎಂಟು ಸುತ್ತು ಸೋತ ವೈಲ್ಡರ್‌ಗೆ 112. ಬೀಳದೆಯೇ ಅವೇ ಸುತ್ತುಗಳನ್ನು ಸೋತಿದ್ದರೆ ಅದು 116–112 ಆಗುತ್ತಿತ್ತು.

ಒಬ್ಬ ತೀರ್ಪುಗಾರರು ನನ್ನಂತೆಯೇ 114–112 ಎಂದು ಫ್ಯೂರಿಗೆ ಕೊಟ್ಟರು. ಇನ್ನೊಬ್ಬರು ಫ್ಯೂರಿಗೆ ಏಳು ಸುತ್ತು ಕೊಟ್ಟದ್ದರಿಂದ ಅವರ ಚೀಟಿ 113–113. ಮೂರನೆಯವರು ಹತ್ತನ್ನು ಐದೈದಾಗಿ ಹಂಚಿ 115–111 ಎಂದು ವೈಲ್ಡರ್ ಪರ ನಿಂತರು. ಈ ಚೀಟಿಯನ್ನು ನಾನು ಇಂದಿಗೂ ಒಪ್ಪುವುದಿಲ್ಲ. ತೀರ್ಪುಗಾರರು ರಿಂಗಿನ ಬೇರೆ ಬೇರೆ ಬದಿಗಳಲ್ಲಿ ಕೂರುತ್ತಾರೆ, ನಮಗೆ ಕ್ಯಾಮೆರಾ ತೋರಿಸಿದ್ದಷ್ಟೇ ಕಾಣುತ್ತದೆ ಎಂಬುದು ನಿಜವಾದರೂ, ಮೂರು ಸುತ್ತುಗಳ ವ್ಯತ್ಯಾಸವನ್ನು ಅದೊಂದೇ ಕಾರಣ ವಿವರಿಸಲಾರದು. ಪಂದ್ಯ ಸಮವೆಂದು ಘೋಷಣೆಯಾದ್ದರಿಂದ ಪಂಥದ ಹಣ ಯಾರಿಗೂ ಸೇರದೆ ಮರುದಿನದ ಬಿರಿಯಾನಿಗೆ ಹೋಯಿತು.