ಒಂದು ಡ್ರಮ್ಮು, ನೂರಿಪ್ಪತ್ತು ಮಕ್ಕಳು

ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಎಲ್ಲ ಮಕ್ಕಳೂ ಸೇರಿ ಆಡಬೇಕು, ಯಾರೂ ಸೋತವರಾಗಬಾರದು ಎಂಬುದು ನನ್ನ ಆಸೆ. ಮೊದಲ ವರ್ಷ ಓಟದ ಸ್ಪರ್ಧೆಯನ್ನು ಹಾಗೆಯೇ ಉಳಿಸಿಕೊಂಡು ಎಲ್ಲರಿಗೂ ಪದಕ ಕೊಟ್ಟೆ. ಕ್ರೀಡಾಕೂಟದ ಹಣದಲ್ಲಿ ಮುಕ್ಕಾಲು ಪಾಲು ಪದಕಗಳಿಗೇ ಕರಗಿತು. ಊರುಗೋಲು ಹಿಡಿದು ಕೊನೆಯಲ್ಲಿ ಬಂದ ಹುಡುಗನಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ತಲೆ ಎತ್ತಲಿಲ್ಲ.

ಎರಡನೆಯ ವರ್ಷ ಗುಂಪಿಗೊಂದು ಬಕೆಟ್ ಇಟ್ಟು ನೀರು ತುಂಬಿಸುವ ಆಟ ಮಾಡಿದೆ. ಸ್ಪರ್ಧೆಯಲ್ಲ ಎಂದು ಎಷ್ಟು ಸಾರಿ ಹೇಳಿದರೂ ಮಕ್ಕಳ ಕಣ್ಣು ಪಕ್ಕದ ಬಕೆಟ್ಟಿನ ಮೇಲೆಯೇ. ಮಗ್ಗು ಕೆಡವಿದ ಹುಡುಗಿಯ ಮೇಲೆ ಅವಳ ಗುಂಪಿನವರೇ ರೇಗಿದರು. 'ಗೆಲ್ಲುವವರಿಲ್ಲದಿದ್ದರೆ ಮಕ್ಕಳಿಗೆ ಹುರುಪೆಲ್ಲಿಂದ ಬರಬೇಕು ಮೇಡಂ?' ಎಂದು ನಮ್ಮ ದೈಹಿಕ ಶಿಕ್ಷಕರು ನಕ್ಕರು.

ಮೂರನೆಯ ವರ್ಷ ಬಕೆಟ್ಟುಗಳನ್ನೆಲ್ಲ ತೆಗೆದು, ಸುಮಾರು ನೂರು ಲೀಟರಿನ ಒಂದೇ ಡ್ರಮ್ಮು ಇಟ್ಟೆ. ಹೋಲಿಸಲು ಇನ್ನೊಂದಿಲ್ಲ. ಒಂದರಿಂದ ಐದನೆಯ ತರಗತಿಯವರನ್ನು ಬೆರೆಸಿ ಹದಿನೈದು ಮಕ್ಕಳ ಎಂಟು ಗುಂಪು ಮಾಡಿದೆ. ಪ್ರತಿ ಗುಂಪೂ ತನ್ನ ಹತ್ತು ನಿಮಿಷದ ಸರದಿಯಲ್ಲಿ ಅದೇ ಡ್ರಮ್ಮಿಗೆ ನೀರು ಸೇರಿಸಿತು. ಉಳಿದವರು ಆಗ ಬೇರೆ ಆಟಗಳಲ್ಲಿದ್ದರು. ಹದಿನೈದು ಮಕ್ಕಳ ಒಂದೇ ಸಾಲು ಮಾಡಿದರೆ ಅರ್ಧಕ್ಕರ್ಧ ಮಕ್ಕಳು ಸುಮ್ಮನೆ ನಿಂತಿರುತ್ತಾರೆ. ಹಾಗಾಗಿ ಐದೈದು ಜನರ ಮೂರು ಸಾಲು. ಯಾರೂ ಓಡುವುದಿಲ್ಲ, ಕೈಯಿಂದ ಕೈಗೆ ದಾಟಿಸುತ್ತಾರೆ. ಓಡಿದರೆ ತಾನೇ ಹಿಂದೆ ಬಿದ್ದವರು ಕಾಣಿಸುವುದು!

ಆಟ ಕೈಗೂಡಿದ್ದು ಮಗ್ಗು ಬಿಟ್ಟು ದೊಡ್ಡ ಸ್ಪಂಜು ಹಿಡಿದ ಮೇಲೆ. ಕೈ ನಡುಗಿದರೂ ಸ್ಪಂಜಿನ ನೀರು ಒಮ್ಮೆಲೇ ಚೆಲ್ಲುವುದಿಲ್ಲ, ಕೆಳಗೆ ಬಿದ್ದರೂ ಎತ್ತಿಕೊಳ್ಳಬಹುದು. ಅವಸರದಲ್ಲಿ ಕಸಿದುಕೊಂಡವನ ಕೈಯಲ್ಲಿ ಮಾತ್ರ ಅರ್ಧ ನೀರು ಹಿಂಡಿಹೋಗುತ್ತದೆ. ಎರಡೇ ನಿಮಿಷದಲ್ಲಿ ದೊಡ್ಡ ಹುಡುಗರೇ 'ಮೆಲ್ಲಗೆ, ಮೆಲ್ಲಗೆ' ಎನ್ನತೊಡಗಿದರು. ಗಾಲಿಕುರ್ಚಿಯ ಹುಡುಗಿಯನ್ನು ಡ್ರಮ್ಮಿನ ಬಳಿ ಹಿಂಡುವ ಕೆಲಸಕ್ಕೆ ಕೂರಿಸಿದೆ. ಅಂಚು ಎತ್ತರವೆನಿಸಿ ಕುಳಿಯೊಂದರಲ್ಲಿ ಡ್ರಮ್ಮನ್ನು ಇಳಿಸಬೇಕಾಯಿತು. ಸೀಟಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗಾಗಿ ಬಾವುಟ ಬೀಸಿದೆ.

ಗುಂಪಿಗೆ ಹತ್ತು ಲೀಟರಿನ ಆಸುಪಾಸು ನೀರು ಸೇರಿತು. ಡ್ರಮ್ಮಿನ ಮೇಲಿನ ಕೆಂಪು ಗೆರೆಯನ್ನು ನೀರು ಮುಟ್ಟಿದ್ದು ಕೊನೆಯ ಗುಂಪಿನ ಕೊನೆಯ ನಿಮಿಷದಲ್ಲಿ. ಇಡೀ ಶಾಲೆ ಕುಣಿಯಿತು. ಗೆರೆಯನ್ನು ಯಾವಾಗ ಎಳೆದೆ ಎಂಬುದು ನನ್ನಲ್ಲೇ ಇರಲಿ. ಸ್ಪಂಜುಗಳಿಗಾದ ಖರ್ಚು ಪದಕಗಳ ಖರ್ಚಿನ ಹತ್ತರಲ್ಲೊಂದು ಪಾಲೂ ಇಲ್ಲ.

ನೆಲ ಕೆಸರಾಗಿ ಇಬ್ಬರು ಜಾರಿದರು, ಈಗ ಗುಂಪಿಗೊಮ್ಮೆ ಸಾಲಿನ ಜಾಗ ಬದಲಿಸುತ್ತೇನೆ. ಹಾಸಿಗೆ ಹೊದಿಕೆಯ ಮೇಲೆ ಚೆಂಡು ಕುಣಿಸುವ ಆಟವನ್ನೂ ನೋಡಿದೆ. ಗಾಳಿ ಬಂದಾಗ ಚಿಕ್ಕವರ ಕೈಯಿಂದ ಬಟ್ಟೆಯೇ ಕಿತ್ತುಹೋಯಿತು.

ವೇಗವಾಗಿ ಓಡುವ ಇಬ್ಬರು ಹುಡುಗರು ಮಾತ್ರ ಮುನಿಸಿಕೊಂಡಿದ್ದರು. ಅವರ ಓಟದ ಸಮಯವನ್ನು ಎರಡು ಬಾರಿ ಅಳೆದು, ತಮ್ಮದನ್ನು ತಾವೇ ಮೀರಿಸಿಕೊಳ್ಳಲಿ ಎಂದು ಒಬ್ಬೊಬ್ಬರಿಗೂ ಚೀಟಿ ಬರೆದುಕೊಟ್ಟೆ. ನಾನು ತಿರುಗುವಷ್ಟರಲ್ಲಿ ಇಬ್ಬರೂ ಮರದ ಹಿಂದೆ ಚೀಟಿಗಳನ್ನು ಪಕ್ಕಪಕ್ಕ ಹಿಡಿದು ನೋಡುತ್ತಿದ್ದರು.