ಪಿಟೀಲಿನ ಚೀಟಿ ಕೊನೆಗೆ ಓದಿ

ಕಲಬುರಗಿಯಲ್ಲಿ ಪಿಟೀಲು ಕಲಿಯುತ್ತಿರುವವರಿಗೆ ಹೈದರಾಬಾದಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಮಾರಾಟಕ್ಕಿರುವ ಪಿಟೀಲೊಂದರ ಫೋಟೊ ಬಂತು ಎನ್ನಿ. ಒಳಗಿನ ಚೀಟಿಯಲ್ಲಿ ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್, ಅನ್ನೊ 1721’ ಎಂದಿದೆ, ಕೆಳಗೆ ಸಣ್ಣದಾಗಿ ‘ಮೇಡ್ ಇನ್ ಜರ್ಮನಿ’. ಮಾರುವವರು ಮುನ್ನೂರು ವರ್ಷ ಹಳೆಯದು ಎನ್ನುತ್ತಾರೆ.

ಮೊದಲು ಸರಿಯಾದ ಫೋಟೊ ಕೇಳಿ. ಹಗಲಿನಲ್ಲಿ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆದಿರಬೇಕು. ಫ್ಲ್ಯಾಶ್ ಬಿದ್ದರೆ ವಾರ್ನಿಷ್ ಹೊಳೆದು ಬಿರುಕು ಕಾಣುವುದಿಲ್ಲ. ಮುಂಭಾಗ, ಹಿಂಭಾಗ, ತಲೆಯ ತುದಿಯಲ್ಲಿ ಕೆತ್ತಿದ ಸುರುಳಿಯ ಎರಡೂ ಪಕ್ಕ ಮತ್ತು ಬೆನ್ನು, ಒಂದು ಮೂಲೆಯ ಹತ್ತಿರದ ಚಿತ್ರ, ಜೊತೆಗೆ ಎಡಗಡೆಯ ‘ಎಫ್’ ರಂಧ್ರದಿಂದ ಚೀಟಿ.

ಸುರುಳಿಯಿಂದ ಶುರು ಮಾಡಿ. ಅದರ ಬೆನ್ನಿನ ಮೇಲೆ ಎರಡು ಕಾಲುವೆಗಳು ಓಡುತ್ತವೆ. ಎಚ್ಚರದಿಂದ ಕೆತ್ತಿದ್ದರೆ ಅವು ತಲೆ ದಾಟಿ, ಮುಂದುಗಡೆ ಸುರುಳಿಯ ಕೆಳಗಿನ ಗಂಟಲಿನೊಳಗೆ ಮುಂದುವರಿಯುತ್ತವೆ. ಅಗ್ಗಕ್ಕೆ, ಲೆಕ್ಕಕ್ಕೆ ಮಾಡಿದ ಎಷ್ಟೋ ಪಿಟೀಲುಗಳಲ್ಲಿ ಅಲ್ಲಿಗೆ ಮುಟ್ಟುವ ಮೊದಲೇ ನಿಂತುಬಿಡುತ್ತವೆ, ಏಕೆಂದರೆ ಆ ಇಕ್ಕಟ್ಟಿನಲ್ಲಿ ಉಳಿ ಆಡಿಸಲು ಸಮಯ ಬೇಕು. ಇದೊಂದೇ ಸಾಕ್ಷಿ ಸಾಲದು.

ಆಮೇಲೆ ಅಂಚಿನ ಜೋಡಿ ಕಪ್ಪು ಗೆರೆ. ಒಳ್ಳೆಯದರಲ್ಲಿ ಅದು ಸಣ್ಣ ತೋಡು ಕೊರೆದು ಕೂರಿಸಿದ ತೆಳು ಮರದ ಪಟ್ಟಿ. ಅಂಚು ಬಿರುಕು ಬಿಟ್ಟರೂ ಸಾಮಾನ್ಯವಾಗಿ ಅಲ್ಲಿಗೇ ತಡೆಯುತ್ತದೆ. ಅಗ್ಗದ್ದರಲ್ಲಿ ಬಣ್ಣದಲ್ಲಿ ಎಳೆದಿರುತ್ತಾರೆ. ಫೋಟೊ ದೊಡ್ಡದು ಮಾಡಿ, ಗದ್ದ ತಾಗಿ ಸವೆದ ಜಾಗ ನೋಡಿ: ಬಣ್ಣವಾದರೆ ವಾರ್ನಿಷ್ ಜೊತೆಗೇ ಗೆರೆಯೂ ಅಳಿಸಿಹೋಗಿರುತ್ತದೆ. ಪಟ್ಟಿಯಾದರೆ ಮರ ಸವೆದರೂ ಗೆರೆ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಗೆರೆ ಅರ್ಧಕ್ಕೆ ಮಾಯವಾಗಿದೆ. ಬೆರಳಿಡುವ ಹಲಗೆಯ ಕಪ್ಪೂ ಬೆರಳು ಓಡಾಡಿದ ಕಡೆ ತಿಳಿಯಾಗಿದೆ, ಅಂದರೆ ಎಬನಿ ಎಂಬ ಕಪ್ಪು ಮರವಲ್ಲ, ಬಣ್ಣ ಬಳಿದ ಬೇರೆ ಮರ.

ಈಗ ಚೀಟಿ. ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿ ತೀರಿಕೊಂಡದ್ದು 1737ರಲ್ಲಿ. ಆತನ ಮಾದರಿ ಹಿಡಿದು ಮಾಡಿದ ಕಾರ್ಖಾನೆ ಪಿಟೀಲುಗಳಿಗೆ ಆ ಹೆಸರಿನ ಚೀಟಿ ಅಂಟಿಸುವುದು ಮಾಮೂಲಾಗಿತ್ತು, ಆದ್ದರಿಂದ ಹೆಸರಿಗೆ ಬೆಲೆ ಕೊಡಬೇಡಿ. ದೇಶದ ಹೆಸರೇ ನಿಜವಾದ ಸುಳಿವು. ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂಬ ಅಮೆರಿಕದ ಕಾನೂನು 1891ರಿಂದ ಜಾರಿಯಾಯಿತು. ಹಾಗಾಗಿ ‘ಜರ್ಮನಿ’ ಎಂದು ಇಂಗ್ಲಿಷಿನಲ್ಲಿ ಇದ್ದರೆ ಬಹುತೇಕ ಅದರ ನಂತರದ್ದು. ‘ಜೆಕೊಸ್ಲೊವಾಕಿಯಾ’ ಎಂದಿದ್ದರೆ 1918ರ ಮುಂಚಿನದಾಗಲು ಸಾಧ್ಯವೇ ಇಲ್ಲ, ಆಗ ಆ ದೇಶವೇ ಇರಲಿಲ್ಲ. ದೇಶದ ಹೆಸರಿಲ್ಲದ ಮಾತ್ರಕ್ಕೆ ಹಳೆಯದೆಂದು ಹೇಳಲಾಗದು, ಚೀಟಿ ಬದಲಿಸುವುದು ಕಷ್ಟವಲ್ಲ.

ಇಲ್ಲಿ ಸಿಗುವ ಉತ್ತರ: ಬಹುಶಃ ಇಪ್ಪತ್ತನೇ ಶತಮಾನದ ಮೊದಲ ದಶಕಗಳ, ಅಗ್ಗದ ದರ್ಜೆಯ ಜರ್ಮನ್ ಕಾರ್ಖಾನೆ ಪಿಟೀಲು. ಮಾಡಿದವರ ಹೆಸರು ಫೋಟೊದಿಂದ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಕಲಿಯಲು ಇದು ಸಾಕು, ಬೆಲೆ ಮಾತ್ರ ಆ ದರ್ಜೆಯದೇ ಇರಲಿ.

ಹಣ ಕೊಡುವ ಮುನ್ನ ಹಿಂಬದಿಯ ಇನ್ನೊಂದು ಫೋಟೊ ಕೇಳಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ತೆಳು ತಂತಿ ಕಡೆಯ ಕಾಲಿನ ಬಳಿ ಒಳಗೊಂದು ಕಡ್ಡಿ ನಿಂತಿರುತ್ತದೆ. ಅದರ ನೇರಕ್ಕೆ ಬೆನ್ನಹಲಗೆ ಉದ್ದಕ್ಕೆ ಸೀಳಿದ್ದರೆ ತಂತಿಯ ಒತ್ತಡ ಸದಾ ಅಲ್ಲಿಯೇ ಬೀಳುತ್ತದೆ. ಒಳಗಿನಿಂದ ಮರ ಕೂಡಿಸಿ ರಿಪೇರಿ ಮಾಡುವ ಖರ್ಚು ಇಂಥ ವಾದ್ಯದ ಬೆಲೆಯನ್ನೇ ಮೀರುತ್ತದೆ. ಪಕ್ಕದ ಜೋಡಣೆ ಬಿಟ್ಟಿದ್ದರೆ ಹೆದರಬೇಕಿಲ್ಲ. ನಮ್ಮ ಬೇಸಿಗೆಯ ಒಣಹವೆಗೆ ಅಂಟು ಬಿಡುವುದುಂಟು, ಮತ್ತೆ ಅಂಟಿಸಬಹುದು.